ಗೈಡ್ ಕೈ ಒಂದು ಕಡೆ, ಪ್ರವಾಸಿಗರ ಕಣ್ಣು ಇನ್ನೊಂದು ಕಡೆ

ಪ್ರಶ್ನೆ: ಶಿಕಾರಿಪುರದವನು, ಫ್ರೆಂಚ್ ಬರುತ್ತದೆ. ಬಳ್ಳಿಗಾವಿಯ ಕೇದಾರೇಶ್ವರದಲ್ಲಿ ಗೈಡ್ ಕನ್ನಡದಲ್ಲಿ ಹೇಳಿದ್ದನ್ನು ಫ್ರೆಂಚ್‌ನವರಿಗೆ ಹೇಳುತ್ತೇನೆ. ಅದೇ ಗುಂಪಿನ ಜಪಾನಿನವರಿಗೆ ಇನ್ನೊಬ್ಬರು ಹೇಳುತ್ತಾರೆ. ನಾನು ಬಾಯಿ ತೆರೆಯುವ ಹೊತ್ತಿಗೆ ಗೈಡ್ ಬೇರೇನೋ ತೋರಿಸುತ್ತಿರುತ್ತಾರೆ. ಎಲ್ಲರೂ ತಪ್ಪು ಕಡೆ ನೋಡುತ್ತಾರೆ. ಏನು ಮಾಡಲಿ?

ಉತ್ತರ: ತೊಂದರೆ ಇರುವುದು ‘ಇದು’, ‘ಅಲ್ಲಿ’, ‘ಈ ಕಡೆ’ ಎನ್ನುವ ಮಾತುಗಳಲ್ಲಿ. ಗೈಡ್ ಹೇಳುವಾಗ ಅವು ಬೆರಳಿನ ಜೊತೆ ಬರುತ್ತವೆ. ನಿಮ್ಮ ಸರದಿ ಬರುವಾಗ ಬೆರಳು ಇರುವುದಿಲ್ಲ. ಹಾಗಾಗಿ ನೋಟ್ ಬರೆಯುವಾಗ ಬರೀ ಕಾಗದ ನೋಡಬೇಡಿ, ಗೈಡ್ ಕೈ ನೋಡಿ. ‘ಇದು’ ಎಂದ ಜಾಗದಲ್ಲಿ ಅವರು ತೋರಿಸಿದ ವಸ್ತುವಿನ ಹೆಸರು ಬರೆಯಿರಿ.

ಕೇದಾರೇಶ್ವರವನ್ನೇ ತೆಗೆದುಕೊಳ್ಳಿ. ಅದು ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ದೇವಸ್ಥಾನ, ಬಾಗಿಲು ಪೂರ್ವಕ್ಕೆ. ಒಳಗೆ ನಿಂತು ಗೈಡ್ ಹೀಗೆನ್ನುತ್ತಾರೆ ಅಂತಿಟ್ಟುಕೊಳ್ಳಿ: ‘ಇಲ್ಲಿ ಮೂರು ಗರ್ಭಗುಡಿ. ಎದುರಿಗಿರುವುದು ಶಿವ, ಈ ಕಡೆಯೂ ಶಿವ, ಆ ಕಡೆ ವಿಷ್ಣು.’ ವಾಕ್ಯ ಬರೆಯಲು ಹೋಗಬೇಡಿ. ನಡುವೆ ಒಂದು ಚೌಕ ಬರೆದು ಪಶ್ಚಿಮ, ದಕ್ಷಿಣ, ಉತ್ತರಕ್ಕೆ ಒಂದೊಂದು ಚಿಕ್ಕ ಚೌಕ ಹಾಕಿ. ಮೊದಲೆರಡರಲ್ಲಿ ‘ಲಿಂ’, ಮೂರನೆಯದರಲ್ಲಿ ‘ವಿ’. ಅಲ್ಲಿಗೆ ಅಡ್ಡಗೆರೆ ಎಳೆಯಿರಿ, ಮುಂದಿನ ಮಾತು ಗೆರೆಯ ಕೆಳಗೆ.

ಹೇಳುವಾಗ ಮೊದಲು ಕಣ್ಣನ್ನು ಕರೆದೊಯ್ಯಿರಿ, ಆಮೇಲೆ ವಿಷಯ. ‘ಮುಖ್ಯ ಲಿಂಗದ ಕಡೆ ಮುಖ ಮಾಡಿ. ನಿಮ್ಮ ಬಲಕ್ಕೆ ನೋಡಿ’ ಎಂದು ಒಂದು ಕ್ಷಣ ತಡೆಯಿರಿ. ತಲೆಗಳು ತಿರುಗಿದ ಮೇಲೆ ‘ಅಲ್ಲಿರುವುದು ವಿಷ್ಣು’ ಎನ್ನಿ. ಗೈಡ್ ಜನರ ಕಡೆ ಮುಖ ಮಾಡಿ ‘ಎಡಕ್ಕೆ’ ಎಂದರೆ ಅದು ಗೈಡ್‌ನ ಎಡ, ಅಲ್ವಾ? ಎಡ ಬಲವನ್ನು ಯಾವಾಗಲೂ ನೋಡುವವರ ಲೆಕ್ಕಕ್ಕೆ ತಿರುಗಿಸಿ.

ಇನ್ನು ಉದ್ದ. ನಮ್ಮ ಕಡೆಯ ಗೈಡ್‌ಗಳಿಗೆ ಮಾತು ಹತ್ತಿದರೆ ನಿಲ್ಲುವುದೇ ಇಲ್ಲ. ಎರಡು ಭಾಷೆಗೆ ಸರದಿಯಲ್ಲಿ ಹೇಳಿದರೆ ಒಂದು ನಿಮಿಷದ ಮಾತು ಮೂರು ನಿಮಿಷವಾಗುತ್ತದೆ. ಕೊನೆಯವರು ಕೇಳುವ ಹೊತ್ತಿಗೆ ಬೇಸರ ಬಂದಿರುತ್ತದೆ. ಆದ್ದರಿಂದ ಶುರುವಿಗೆ ಮೊದಲೇ ಮಾತಾಡಿಕೊಳ್ಳಿ: ಒಂದು ಜಾಗ, ಒಂದು ಮಾತು, ಸುಮಾರು ಅರ್ಧ ನಿಮಿಷ. ಇಬ್ಬರೂ ಮುಗಿಸುವ ತನಕ ಗೈಡ್ ಹೆಜ್ಜೆ ಇಡಬಾರದು, ಬೆರಳೂ ಎತ್ತಬಾರದು. ಜಪಾನೀಸ್ ಹೇಳುವವರಿಗೆ ಕನ್ನಡ ಬಂದರೆ ಅವರು ಗೈಡ್ ಮಾತನ್ನೇ ಕೇಳಿ ಹೇಳಲಿ. ನಿಮ್ಮ ಫ್ರೆಂಚ್ ಕೇಳಿ ಹೇಳಿದರೆ ನೀವು ಬಿಟ್ಟದ್ದು ಅವರಿಗೂ ಸಿಗುವುದಿಲ್ಲ.

ಕೆಲವೊಮ್ಮೆ ಗೈಡ್ ಒಳಗೆ ನಿಂತೇ ಹೊರಗಿನ ಶುಕನಾಸಿಯ, ಅಂದರೆ ಶಿಖರದ ಮುಂಚಾಚಿನ, ಮೇಲಿರುವ ಹೊಯ್ಸಳ ಲಾಂಛನದ ಕಥೆ ಶುರು ಮಾಡುತ್ತಾರೆ. ಅಲ್ಲಿಂದ ಅದು ಯಾರಿಗೂ ಕಾಣುವುದಿಲ್ಲ. ‘ಇದನ್ನು ಹೊರಗೆ ಹೇಳೋಣ್ವಾ ಸಾರ್’ ಎಂದು ಕೇಳಿ. ಒಪ್ಪದಿದ್ದರೆ ‘ಹೊರಗೆ ತೋರಿಸುತ್ತೇವೆ’ ಎಂದು ಸೇರಿಸಿ ಅಲ್ಲೇ ಹೇಳಿಬಿಡಿ. ನೋಟ್‌ನಲ್ಲಿ ಒಂದು ನಕ್ಷತ್ರ ಹಾಕಿಟ್ಟು, ಹೊರಗೆ ಬಂದಾಗ ಶಿಖರದ ಮುಂಚಾಚು ತೋರಿಸಿ.