ಸರಾಸರಿ 11% ಬಂದರೂ ದುಡ್ಡು ಖಾಲಿ ಆಗಬಹುದು

> ನನಗೆ 47. ಉದ್ಯಮಬಾಗಿನ ಫೌಂಡ್ರಿ ಕೆಲಸ ಬಿಡ್ತಿದ್ದೇನೆ. ಇಕ್ವಿಟಿ ಫಂಡ್‌ನಲ್ಲಿ 1 ಕೋಟಿ ಇದೆ. ಸರಾಸರಿ 11% ಬಂದ್ರೆ ವರ್ಷಕ್ಕೆ 6 ಲಕ್ಷ ತೆಗೆದ್ರೂ ಅಸಲು ಉಳಿಯುತ್ತೆ ಅಲ್ವಾ?

ಗ್ಯಾರಂಟಿ ಇಲ್ಲ ಸರ್. ಸರಾಸರಿ ಎಷ್ಟು ಅನ್ನೋದರ ಜೊತೆಗೆ ಕೆಟ್ಟ ವರ್ಷ ಯಾವಾಗ ಬರುತ್ತೆ ಅನ್ನೋದೂ ಮುಖ್ಯ. ವರ್ಷದ ಆರಂಭದಲ್ಲೇ 6 ಲಕ್ಷ ತೆಗೆದಿರಿ, ಆಮೇಲೆ ಮಾರುಕಟ್ಟೆ 30% ಬಿತ್ತು ಅನ್ನಿ. ಉಳಿಯೋದು 65.8 ಲಕ್ಷ. ಮರುವರ್ಷ ಮತ್ತೆ 6 ಲಕ್ಷ ತೆಗೆದ ಮೇಲೆ 50% ಏರಿದರೂ 89.7 ಲಕ್ಷ ಅಷ್ಟೇ. ಅದೇ ಏರಿಕೆ ಮೊದಲು, ಇಳಿತ ಆಮೇಲೆ ಬಂದಿದ್ದರೆ 94.5 ಲಕ್ಷ ಇರುತ್ತಿತ್ತು. ಏನೂ ತೆಗೆಯದೆ ಬಿಟ್ಟಿದ್ದರೆ ಎರಡೂ ಕಡೆ 105 ಲಕ್ಷವೇ. ಬಿದ್ದ ಬೆಲೆಗೆ ಮಾರಿದ ಯೂನಿಟ್ ವಾಪಸ್ ಬರಲ್ಲ, ಪೆಟ್ಟು ಬೀಳೋದು ಅಲ್ಲೇ.

ಇನ್ನೊಂದು ನೋಡಿ. ಆ 65.8 ಲಕ್ಷಕ್ಕೆ 6 ಲಕ್ಷ ಅಂದರೆ 9%. ವರ್ಷಕ್ಕೆ 3.5 ಲಕ್ಷ ತೆಗೆಯೋದರಿಂದ ಶುರು ಮಾಡಿದ್ದರೆ ಇದು 5% ಚಿಲ್ಲರೆ ಆಗುತ್ತಿತ್ತು. ಮೊದಲ ವರ್ಷ ಒಟ್ಟು ದುಡ್ಡಿನ 4% ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸ್ತಾ ಹೋಗಿ ಅಂತ ಜನ ಹೇಳೋ 4% ನಿಯಮ ಅಮೆರಿಕದ ಹಳೇ ಲೆಕ್ಕ, ಅದೂ 30 ವರ್ಷಕ್ಕೆ. ನಿಮಗೆ 40 ವರ್ಷ ಬೇಕಾಗಬಹುದು, ಹಾಗಾಗಿ ನಾನಾದರೆ 3.5% ದಾಟಲ್ಲ. ಮೂರು ವರ್ಷದ ಖರ್ಚು ಎಫ್‌ಡಿಯಲ್ಲಿಡಿ, ಬಿದ್ದ ವರ್ಷ ಅದರಿಂದಲೇ ತಿನ್ನಿ. ಆ ವರ್ಷ ಬೆಲೆಯೇರಿಕೆ ಅಂತ ಮೊತ್ತ ಜಾಸ್ತಿ ಮಾಡಬೇಡಿ. ಸಾಲದಿದ್ದರೆ ಮೊದಲ ಐದಾರು ವರ್ಷ ಅಲ್ಲೇ ಉದ್ಯಮಬಾಗಿನಲ್ಲಿ ಅರ್ಧ ದಿನದ ಕೆಲಸ ಹಿಡಿಯಿರಿ.