ವಿಸಿಟಿಂಗ್ ಕಾರ್ಡಿನಲ್ಲಿ ಸಣ್ಣ ಕನ್ನಡ ಅಕ್ಷರ ಓದಲು ಬರುವಂತೆ ಮಾಡುವುದು ಹೇಗೆ?

ಪ್ರಶ್ನೆ: ನನ್ನ ಹೆಂಡತಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞೆ. ಕ್ಲಿನಿಕ್ಕಿಗೆ ಕಾರ್ಡು ಮಾಡಿಸುತ್ತಿದ್ದೇವೆ. ಹೆಸರು, ಹುದ್ದೆ, ಎರಡು ಮೊಬೈಲ್ ನಂಬರು, ಇಮೇಲ್, ವಿಳಾಸ, ಸಮಯ ಎಲ್ಲವೂ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದೇ ಬದಿಗೆ ಬೇಕು ಎಂದೆ. ಅಂಗಡಿಯವರು ಅಕ್ಷರವನ್ನು 6 ಪಾಯಿಂಟಿಗೆ ಇಳಿಸಿ ಕೂರಿಸಿದರು. ಸ್ಯಾಂಪಲ್ ಬಂದಾಗ ಇಂಗ್ಲಿಷ್ ಓದಲು ಬರುತ್ತದೆ, ಕನ್ನಡದ ಒತ್ತುಗಳೆಲ್ಲ ಮಸಿಯ ಚುಕ್ಕೆಯಂತೆ ಕಾಣುತ್ತವೆ. ಫಾಂಟ್ ಬದಲಿಸಿದರೆ ಸಾಕೇ?

ಉತ್ತರ: ಫಾಂಟ್ ಒಂದನ್ನೇ ಬದಲಿಸಿದರೆ ಸಾಲದು. ಇಂಗ್ಲಿಷಿಗೆ 6 ಪಾಯಿಂಟ್ ಹೇಗೋ ನಡೆಯುತ್ತದೆ, ಕನ್ನಡಕ್ಕೆ ನಡೆಯುವುದಿಲ್ಲ. 6 ಪಾಯಿಂಟ್ ಎಂದರೆ 2.1 ಮಿಲಿಮೀಟರ್. ಆದರೆ ಅದು ಅಕ್ಷರದ ಎತ್ತರವಲ್ಲ, ಮೇಲಿನ ಗುಣಿತ ಚಿಹ್ನೆ, ಕೆಳಗಿನ ಒತ್ತು ಎಲ್ಲ ಸೇರಿದ ಜಾಗದ ಲೆಕ್ಕ. ಅದರಲ್ಲಿ ಮೂಲ ಅಕ್ಷರಕ್ಕೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಒಂದು ಮಿಲಿಮೀಟರಿನ ಆಸುಪಾಸು. ಒತ್ತಕ್ಷರ ಅದಕ್ಕಿಂತಲೂ ಚಿಕ್ಕದು, ಮುಕ್ಕಾಲು ಮಿಲಿಮೀಟರ್ ಇದ್ದರೆ ಹೆಚ್ಚು. ಅದರ ಒಳಗೆ ಒಂದು ಸುರುಳಿ, ಸುರುಳಿಯ ಒಳಗೆ ಒಂದಿಷ್ಟು ಬಿಳಿ ಜಾಗ ಉಳಿಯಬೇಕು. ಕಾಗದದ ಮೇಲೆ ಶಾಯಿ ಕೂದಲೆಳೆಯಷ್ಟು ಹರಡಿದರೂ ಆ ಬಿಳಿ ಮುಚ್ಚಿಹೋಗುತ್ತದೆ.

ನಿಮ್ಮ ಕಾರ್ಡಿನಲ್ಲಿ ಈ ತೊಂದರೆ ಅತಿ ಹೆಚ್ಚು ಕಾಣುವ ಸಾಲು ಹುದ್ದೆಯದೇ. ‘ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞೆ’ ಎಂಬುದರಲ್ಲಿ ನಾಲ್ಕು ಕಡೆ ಒತ್ತುಗಳಿವೆ. ‘ಸ್ತ್ರೀ’ಯಲ್ಲಂತೂ ತ ಒತ್ತು, ಅದಕ್ಕಂಟಿ ರ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ ಎಲ್ಲವೂ ಒಂದೇ ಅಕ್ಷರದಲ್ಲಿ ಕೂರಬೇಕು. ಹಾಗಾಗಿ ಯಾವ ಫಾಂಟು, ಯಾವ ಗಾತ್ರ ಎಂದು ತೀರ್ಮಾನಿಸುವಾಗ ಬೇರೆಲ್ಲ ಬಿಟ್ಟು ಈ ‘ಸ್ತ್ರೀ’ಯನ್ನೂ ‘ಜ್ಞೆ’ಯನ್ನೂ ಮಾತ್ರ ನೋಡಿ. ಅವೆರಡು ಸ್ಪಷ್ಟವಾಗಿ ಬಂದರೆ ಉಳಿದದ್ದೆಲ್ಲ ಬಂದೇ ಬರುತ್ತದೆ.

ಗಾತ್ರ ಹೆಚ್ಚಿಸುವ ಮೊದಲು ಈಗಿರುವ ಸ್ಯಾಂಪಲ್ ಯಾಕೆ ಕೆಟ್ಟಿದೆ ಎಂದು ತಿಳಿಯಬೇಕು. ಒಂದು ಭೂತಗನ್ನಡಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಅಕ್ಷರದ ಅಂಚಿನಲ್ಲಿ ಗುಲಾಬಿಯೋ ನೀಲಿಯೋ ಹಳದಿಯೋ ಬಣ್ಣದ ಎಳೆ ಕಂಡರೆ, ನಿಮ್ಮ ಕಪ್ಪು ನಿಜವಾದ ಕಪ್ಪಲ್ಲ. ನಾಲ್ಕೂ ಬಣ್ಣದ ಶಾಯಿಯನ್ನು ಒಂದರ ಮೇಲೊಂದು ಹೊಡೆದು ಮಾಡಿದ ಕಪ್ಪು. ಕೋರೆಲ್ ಡ್ರಾದಲ್ಲೋ ಫೋಟೋಶಾಪಿನಲ್ಲೋ ಪರದೆಗೆಂದು ಇರುವ ಆರ್‌ಜಿಬಿ ಕಪ್ಪಿನಲ್ಲಿ ಟೈಪ್ ಮಾಡಿ ಪ್ರಿಂಟಿಗೆ ಕಳಿಸಿದರೆ ಹೀಗಾಗುತ್ತದೆ. ಆಫ್‌ಸೆಟ್ ಯಂತ್ರದಲ್ಲಿ ನಾಲ್ಕು ಪ್ಲೇಟುಗಳಲ್ಲಿ ಒಂದು 0.1 ಮಿಲಿಮೀಟರ್ ಸರಿದರೂ ದೊಡ್ಡ ಅಕ್ಷರದಲ್ಲಿ ಗೊತ್ತಾಗುವುದಿಲ್ಲ, ಆದರೆ ಮುಕ್ಕಾಲು ಮಿಲಿಮೀಟರಿನ ಒತ್ತು ಕಲಸಿಹೋಗುತ್ತದೆ. ಇದಕ್ಕೆ ಪರಿಹಾರ ಸುಲಭ. ಸಣ್ಣ ಅಕ್ಷರವೆಲ್ಲ ಪ್ರಿಂಟಿನ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿ 0, 0, 0, 100 ಇರಲಿ ಎಂದು ಹೇಳಿ. ಆಗ ಕಪ್ಪು ಒಂದೇ ಪ್ಲೇಟಿನಿಂದ ಬರುತ್ತದೆ, ಸರಿಯುವ ಪ್ರಶ್ನೆಯೇ ಇಲ್ಲ.

ಬಣ್ಣದ ಎಳೆಯಿಲ್ಲದೆ ಅಂಚು ಚುಕ್ಕೆ ಚುಕ್ಕೆಯಾಗಿದ್ದರೆ ಅಕ್ಷರಕ್ಕೆ ಬೂದು ಬಣ್ಣ ಕೊಟ್ಟಿದ್ದಾರೆ ಎಂದರ್ಥ. ಬೂದು ಶಾಯಿ ಬೇರೆ ಇರುವುದಿಲ್ಲ, ಕಪ್ಪನ್ನೇ ಚುಕ್ಕೆಗಳಾಗಿ ಒಡೆದು ಹೊಡೆಯುತ್ತಾರೆ. ಹುದ್ದೆ, ವಿಳಾಸಗಳನ್ನು ತೆಳು ಬೂದಿನಲ್ಲಿ ಹಾಕುವುದು ಈಗ ಫ್ಯಾಶನ್ನು. ನೋಡಲು ಚೆಂದ, ಆದರೆ ಸಣ್ಣ ಕನ್ನಡಕ್ಕೆ ಒಗ್ಗುವುದಿಲ್ಲ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರವೂ ಹಾಗೆಯೇ. ಅಲ್ಲಿ ಶಾಯಿ ಹರಡಿ ಅಕ್ಷರವನ್ನೇ ತಿನ್ನುತ್ತದೆ, ಹೆಸರಿಗಷ್ಟೇ ಬಳಸಿ.

ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅಕ್ಷರ ಎಲ್ಲೋ ಒಂದು ಕಡೆ ಚಿತ್ರವಾಗಿಬಿಟ್ಟಿದೆ. ವಾಟ್ಸ್ಆಪಿನಲ್ಲಿ ಫೋಟೋ ಆಗಿ ಕಳಿಸಿದ ಡಿಸೈನನ್ನೇ ಪ್ರಿಂಟಿಗೆ ಹಾಕಿದಾಗ ಇದು ಸಾಮಾನ್ಯ. 300 ಡಿಪಿಐ ಚಿತ್ರದಲ್ಲೂ ಒಂದು ಪಿಕ್ಸೆಲ್ ಅಂದರೆ 0.085 ಮಿಲಿಮೀಟರ್. ಅಂದರೆ ನಿಮ್ಮ ಇಡೀ ತ ಒತ್ತನ್ನು ಎಂಟೊಂಬತ್ತು ಪಿಕ್ಸೆಲ್ ಎತ್ತರದಲ್ಲಿ ಬಿಡಿಸಬೇಕು, ಅದು ಆಗುವ ಮಾತಲ್ಲ. ಅಕ್ಷರಗಳನ್ನು ಕರ್ವ್ಸ್, ಅಂದರೆ ಗೆರೆಗಳ ಆಕಾರ ಮಾಡಿದ ಪಿಡಿಎಫ್ ಅನ್ನೇ ಕೊಡಿ, ವಾಟ್ಸ್ಆಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಕರ್ವ್ಸ್ ಮಾಡಿದ ಮೇಲೆ ಅಕ್ಷರ ತಿದ್ದಲು ಬರುವುದಿಲ್ಲ, ಹಾಗಾಗಿ ತಿದ್ದಬಹುದಾದ ಪ್ರತಿ ಒಂದು ನಿಮ್ಮ ಹತ್ತಿರ ಇರಲಿ.

ಇವು ಯಾವುವೂ ಅಲ್ಲದೆ ಅಂಚು ನುಣುಪಾಗಿದ್ದೂ ಒಳಗಿನ ಬಿಳಿ ಮಾತ್ರ ಮುಚ್ಚಿದ್ದರೆ, ಆಗ ಗಾತ್ರ ಮತ್ತು ದಪ್ಪದ ದೋಷ. ಸಣ್ಣದಾಯಿತು ಎಂದು ಬೋಲ್ಡ್ ಮಾಡುವವರು ಬಹಳ. ಕನ್ನಡದಲ್ಲಿ ಅದು ಉಲ್ಟಾ ಹೊಡೆಯುತ್ತದೆ, ಯಾಕೆಂದರೆ ಗೆರೆ ದಪ್ಪವಾದಷ್ಟೂ ಸುರುಳಿಯ ಒಳಜಾಗ ಕಡಿಮೆಯಾಗುತ್ತದೆ. 10 ಪಾಯಿಂಟಿಗಿಂತ ಕೆಳಗೆ ರೆಗ್ಯುಲರ್ ಅಥವಾ ಮೀಡಿಯಂ ಸಾಕು.

ಫಾಂಟಿನ ವಿಷಯಕ್ಕೆ ಬಂದರೆ, ಗೆರೆಯ ದಪ್ಪ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಇರುವ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಇಂಥವು ಸಣ್ಣ ಗಾತ್ರಕ್ಕೆ ಒಳ್ಳೆಯವು. ಅನೇಕ್‌ನಲ್ಲಿ ನನಗೆ ಇಷ್ಟವಾಗುವುದು ಅದರ ಅಗಲದ ಆಯ್ಕೆ. ಸಾಲು ಉದ್ದವಾದಾಗ ಕಂಡೆನ್ಸ್ಡ್ ರೂಪ ತೆಗೆದುಕೊಂಡರೆ ಅದು ಕಿರಿದಾಗಿಯೇ ಬರೆದ ಅಕ್ಷರ. ಅಂಗಡಿಗಳಲ್ಲಿ ಮಾಡುವಂತೆ ಸಾಲನ್ನು ಮೌಸಿನಿಂದ ಪಕ್ಕಕ್ಕೆ ಒತ್ತಿ ಕುಗ್ಗಿಸಿದರೆ ನಿಂತ ಗೆರೆಗಳು ತೆಳುವಾಗುತ್ತವೆ, ಅಡ್ಡ ಗೆರೆ ಹಾಗೇ ಉಳಿಯುತ್ತದೆ, ಒತ್ತಿನ ಒಳಜಾಗ ಮೊದಲು ಹೋಗುತ್ತದೆ. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕೆಲಸ ಮಾಡುವ ಅಂಗಡಿಯಾದರೆ ಇನ್ನೊಂದು ಎಚ್ಚರ ಬೇಕು. ಅವುಗಳಲ್ಲಿ ಒಂದು ಅಕ್ಷರವನ್ನು ಹಲವು ತುಣುಕು ಜೋಡಿಸಿ ಮಾಡಿರುತ್ತಾರೆ. ಓದಲು ಸಲೀಸಾಗಲಿ ಎಂದು ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ದೀರ್ಘ, ಒತ್ತು ಎಲ್ಲ ಕಳಚಿಕೊಂಡು ದೂರ ನಿಲ್ಲುತ್ತವೆ.

ಈಗ ಜಾಗದ ಲೆಕ್ಕ. ಕಾರ್ಡು ಸಾಮಾನ್ಯವಾಗಿ ಮೂರೂವರೆಗೆ ಎರಡು ಇಂಚು, ಅಂದರೆ 89 ಗುಣಿಸು 51 ಮಿಲಿಮೀಟರ್. ಕತ್ತರಿಸುವಾಗ ಸ್ವಲ್ಪ ಆಚೀಚೆ ಆಗುವುದರಿಂದ ಸುತ್ತಲೂ 4 ಮಿಲಿಮೀಟರ್ ಬಿಡಿ. ಬರೆಯಲು ಸಿಗುವ ಎತ್ತರ 43 ಮಿಲಿಮೀಟರ್. ಎರಡು ಭಾಷೆಯನ್ನೂ ಇದರಲ್ಲೇ ತುರುಕಿದ್ದರಿಂದ 6 ಪಾಯಿಂಟಿಗೆ ಇಳಿಯಬೇಕಾಯಿತು. ಹಿಂಬದಿ ಖಾಲಿ ಇಟ್ಟು ಮುಂಬದಿಯಲ್ಲಿ ಇಕ್ಕಟ್ಟು ಮಾಡಿಕೊಳ್ಳುವುದು ಬೇಡ. ಒಂದು ಬದಿ ಪೂರ್ತಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಮಾಡಿ. ಎರಡು ಬದಿಗೆ ಪ್ರಿಂಟಿನ ಖರ್ಚು ಹೆಚ್ಚಾಗುತ್ತದೆ ನಿಜ, ಆದರೂ ಓದಲಾಗದ ಕಾರ್ಡಿಗೆ ಕೊಟ್ಟ ಹಣಕ್ಕಿಂತ ಅದು ಮೇಲು.

ಕನ್ನಡ ಬದಿಯನ್ನು ನಾನಾದರೆ ಹೀಗೆ ಜೋಡಿಸುತ್ತೇನೆ. ಹೆಸರು 14 ಪಾಯಿಂಟ್, ಅದರ ಸಾಲಿಗೆ 20 ಪಾಯಿಂಟ್ ಜಾಗ. ಹುದ್ದೆ 9 ಪಾಯಿಂಟ್, ಜಾಗ 14. ಓದಿದ ಪದವಿ 8, ಜಾಗ 12. ಇಲ್ಲಿ 10 ಪಾಯಿಂಟ್ ಖಾಲಿ. ಮೊಬೈಲ್ ನಂಬರು 10, ಜಾಗ 14. ಕ್ಲಿನಿಕ್ಕಿನ ಸಮಯ 8, ಜಾಗ 12. ವಿಳಾಸ 8 ಪಾಯಿಂಟಿನಲ್ಲಿ ಎರಡು ಸಾಲು, ಜಾಗ 24. ಎಲ್ಲ ಕೂಡಿದರೆ 106 ಪಾಯಿಂಟ್, ಅಂದರೆ 37 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. 43ರಲ್ಲಿ ಇನ್ನೂ ಐದು ಮಿಲಿಮೀಟರ್ ಮಿಗುತ್ತದೆ! ಲೋಗೋ ಬೇಕೇ ಬೇಕೆಂದರೆ ಹೆಸರಿನ ಪಕ್ಕದಲ್ಲಿ ಬಲಗಡೆ ಇಡಿ, ಮೇಲೆ ಇಟ್ಟರೆ ಎರಡು ಸಾಲಿನ ಎತ್ತರ ನುಂಗುತ್ತದೆ.

ಸಾಲಿನ ಜಾಗವನ್ನು ಒಂದೂವರೆ ಪಟ್ಟಿನಷ್ಟು ಕೊಟ್ಟಿದ್ದಕ್ಕೆ ಕಾರಣವಿದೆ. ಸಾಫ್ಟ್‌ವೇರು ತಾನಾಗಿ ಕೊಡುವ 120 ಪ್ರತಿಶತ ಇಂಗ್ಲಿಷಿಗೆ ಹೊಂದುವ ಅಳತೆ. ಅಷ್ಟೇ ಬಿಟ್ಟರೆ ಹುದ್ದೆಯ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತವೆ. ಅಕ್ಷರ ಅರ್ಧ ಪಾಯಿಂಟ್ ಚಿಕ್ಕದಾದರೂ ಪರವಾಗಿಲ್ಲ, ಈ ಅಂತರ ಮಾತ್ರ ಕಡಿಮೆ ಮಾಡಬೇಡಿ.

ಜಾಗ ಇನ್ನೂ ಸಾಲದಿದ್ದರೆ ಮಾತು ಕಡಿಮೆ ಮಾಡಿ. ‘ಮೊಬೈಲ್ ಸಂಖ್ಯೆ’ ಎಂದು ಬರೆಯುವುದೇ ಬೇಡ, ಹತ್ತು ಅಂಕಿ ಕಂಡರೆ ಯಾರಿಗಾದರೂ ಗೊತ್ತಾಗುತ್ತದೆ. ಎರಡು ನಂಬರಿನಲ್ಲಿ ಯಾವುದು ಅಪಾಯಿಂಟ್‌ಮೆಂಟಿಗೆ, ಯಾವುದು ತುರ್ತಿಗೆ ಎಂದು ಹೇಳುವುದಿದ್ದರೆ ಮಾತ್ರ ಎರಡನ್ನೂ ಹಾಕಿ, ಇಲ್ಲವಾದರೆ ಒಂದು ಸಾಕು. ವಿಳಾಸದ ಕೊನೆಯ ‘ಕರ್ನಾಟಕ, ಭಾರತ’ ತೆಗೆದುಬಿಡಿ, ಪಿನ್ ಕೋಡ್ ಇದ್ದರಾಯಿತು. ‘ಬಸ್ ನಿಲ್ದಾಣದ ಎದುರು’ ಎಂಬಂಥ ಗುರುತನ್ನು ಮಾತ್ರ ತೆಗೆಯಬೇಡಿ, ಹಳ್ಳಿಯಿಂದ ಬರುವ ಗರ್ಭಿಣಿಯ ಮನೆಯವರಿಗೆ ಕ್ರಾಸು, ಮೇನಿಗಿಂತ ಅದೇ ಉಪಯೋಗ. ಹುದ್ದೆಯನ್ನೂ ಸರಳ ಮಾಡಬಹುದು. ‘ಹೆರಿಗೆ ಮತ್ತು ಸ್ತ್ರೀರೋಗ ತಜ್ಞೆ’ ಎಂದರೆ ಒಂದು ಒತ್ತೂ ಕಡಿಮೆಯಾಯಿತು, ಎಲ್ಲರಿಗೂ ಅರ್ಥವೂ ಆಯಿತು. ಅದನ್ನು ನಿಮ್ಮ ಹೆಂಡತಿಯವರೇ ತೀರ್ಮಾನಿಸಲಿ.

ನಂಬರನ್ನು ಕನ್ನಡ ಬದಿಯಲ್ಲೂ 1, 2, 3 ಅಂಕಿಗಳಲ್ಲೇ ಹಾಕಿ ಎನ್ನುತ್ತೇನೆ. ಕನ್ನಡ ಅಂಕಿ ನನಗೂ ಪ್ರೀತಿಯೇ. ಆದರೆ ಸಣ್ಣ ಗಾತ್ರದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ, ನೋಡಿಕೊಂಡು ಒತ್ತುವಾಗ ಒಂದಂಕಿ ತಪ್ಪಿದರೆ ಕರೆ ಇನ್ಯಾರಿಗೋ ಹೋಗುತ್ತದೆ. ಹತ್ತು ಅಂಕಿಯನ್ನು ಐದೈದಾಗಿ ಬಿಡಿಸಿ ಬರೆಯಿರಿ. ಇಮೇಲ್ ಇಂಗ್ಲಿಷ್ ಬದಿಗೆ ಮಾತ್ರ ಸಾಕು. ಅದರ ಕೆಳಗೆ ತಾನಾಗಿ ಬೀಳುವ ಅಡಿಗೆರೆಯನ್ನು ತೆಗೆಸಿ, ವಿಳಾಸದಲ್ಲಿ ಅಂಡರ್‌ಸ್ಕೋರ್ ಇದ್ದರೆ ಅಡಿಗೆರೆಯಲ್ಲಿ ಮುಚ್ಚಿಹೋಗುತ್ತದೆ.

ಕ್ಯೂಆರ್ ಕೋಡಿನಲ್ಲಿ ಎಲ್ಲ ವಿವರ ತುಂಬಿಸಿಬಿಡೋಣ ಎಂದು ಯಾರಾದರೂ ಹೇಳಬಹುದು. ಕನ್ನಡದ ಒಂದೊಂದು ಸಂಕೇತಕ್ಕೂ, ಕಂಪ್ಯೂಟರ್ ಅಕ್ಷರ ಉಳಿಸುವ ಕ್ರಮವಾದ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ‘ಸ್ತ್ರೀ’ ಒಂದಕ್ಕೇ ಆರು ಸಂಕೇತ, ಹದಿನೆಂಟು ಬೈಟ್. ಪೂರ್ತಿ ವಿಳಾಸ ತುಂಬಿದರೆ ಚೌಕಗಳು ಒತ್ತೊತ್ತಾಗಿ, ಸಣ್ಣ ಕೋಡು ಸ್ಕ್ಯಾನ್ ಆಗುವುದೇ ಇಲ್ಲ. ಕ್ಲಿನಿಕ್ಕಿನ ಮ್ಯಾಪಿನ ಚಿಕ್ಕ ಲಿಂಕ್ ಒಂದನ್ನೇ ಹಾಕಿ, ಕೋಡಿನ ಒಂದೊಂದು ಬದಿಗೂ 18 ಮಿಲಿಮೀಟರ್ ಕೊಡಿ.

ಸಾವಿರ ಕಾರ್ಡಿಗೆ ಒಪ್ಪಿಗೆ ಕೊಡುವ ಮೊದಲು ಕಂಪ್ಯೂಟರ್ ಪರದೆಯಲ್ಲಿ ನೋಡಿ ಸರಿ ಎನ್ನಬೇಡಿ. ಪರದೆಯಲ್ಲಿ ಹಿಗ್ಗಿಸಿದಾಗ 5 ಪಾಯಿಂಟೂ ಚೆನ್ನಾಗಿಯೇ ಕಾಣುತ್ತದೆ. ಪಿಡಿಎಫ್ ಅನ್ನು ‘ಫಿಟ್ ಟು ಪೇಜ್’ ಇಲ್ಲದೆ 100 ಪ್ರತಿಶತ ಅಳತೆಯಲ್ಲಿ ಲೇಸರ್ ಪ್ರಿಂಟ್ ತೆಗೆದು, ಕಾರ್ಡಿನ ಅಗಲ ನಿಜಕ್ಕೂ 89 ಮಿಲಿಮೀಟರ್ ಇದೆಯೇ ಎಂದು ಸ್ಕೇಲಿನಲ್ಲಿ ಅಳೆಯಿರಿ. ಆಮೇಲೆ ಅದನ್ನು ಐವತ್ತು ದಾಟಿದ ಯಾರಿಗಾದರೂ ಸಂಜೆಯ ಟ್ಯೂಬ್‌ಲೈಟಿನಲ್ಲಿ ಕೊಟ್ಟು ಹುದ್ದೆಯನ್ನೂ ನಂಬರನ್ನೂ ಗಟ್ಟಿಯಾಗಿ ಓದಿಸಿ. ಅವರು ಕಾರ್ಡನ್ನು ದೂರ ಹಿಡಿದು ತಡವರಿಸಿದರೆ ಒಂದು ಪಾಯಿಂಟ್ ಏರಿಸಿ, ಇಲ್ಲವೇ ಒಂದು ಸಾಲು ತೆಗೆಯಿರಿ. ಆಫ್‌ಸೆಟ್‌ನಲ್ಲಿ ಶಾಯಿ ಲೇಸರಿಗಿಂತ ಸ್ವಲ್ಪ ಹೆಚ್ಚೇ ಹರಡಬಹುದು. ಆದ್ದರಿಂದ ಲೇಸರ್ ಪ್ರತಿಯಲ್ಲೇ ‘ಜ್ಞೆ’ಯ ಒತ್ತಿನೊಳಗಿನ ಬಿಳಿ ಬರಿಗಣ್ಣಿಗೆ ಕಾಣದಿದ್ದರೆ ಆ ಗಾತ್ರದಲ್ಲಿ ಪ್ರಿಂಟಿಗೆ ಕೊಡಲೇಬೇಡಿ.