ಸಂಬಳ ಮೊದಲು, ಬ್ಯಾಂಕಿಗೆ ಪತ್ರ ಆಮೇಲೆ

ಪ್ರಶ್ನೆ: ಮೈಸೂರಿನ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಕೈಗೆ 42,000 ರೂಪಾಯಿ ಸಂಬಳ. ಗಂಡನಿಂದ ಬೇರೆಯಾಗಿ ನಾಲ್ಕು ತಿಂಗಳಾಯಿತು, ಎಂಟು ವರ್ಷದ ಮಗಳ ಜೊತೆ ತವರಿನಲ್ಲಿದ್ದೇನೆ. ಸಂಬಳ ಇನ್ನೂ ನಮ್ಮಿಬ್ಬರ ಜಂಟಿ ಖಾತೆಗೇ ಬೀಳುತ್ತಿದೆ, ಅವರು ತೆಗೆಯುತ್ತಲೇ ಇದ್ದಾರೆ. ಬ್ಯಾಂಕಿಗೆ ಪತ್ರ ಕೊಟ್ಟು ನಿಲ್ಲಿಸಲೇ? ಬೇರೆ ಮನೆ ಮಾಡಿದರೆ ಜೀವನ ನಡೆದೀತೇ? ಜೀವನಾಂಶಕ್ಕೆ ಅರ್ಜಿ ಹಾಕಿದ್ದೇವೆ.

ಉತ್ತರ: ಪತ್ರ ಇವತ್ತೇ ಕೊಡಬೇಡಿ. ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕೈದು ಸಲ ಬರುತ್ತದೆ. ಅರ್ಧಕ್ಕರ್ಧ ಜನ ಪತ್ರ ಕೊಟ್ಟಾದ ಮೇಲೆ ಕೇಳುತ್ತಾರೆ.

ನಿಮ್ಮದು ‘ಐದರ್ ಆರ್ ಸರ್ವೈವರ್’ ಖಾತೆ ಇರಬೇಕು. ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಪೂರ್ತಿ ಹಣ ತೆಗೆಯಬಹುದು, ಇನ್ನೊಬ್ಬರನ್ನು ಕೇಳಬೇಕಿಲ್ಲ. ಒಬ್ಬರು ‘ನಮ್ಮಲ್ಲಿ ತಕರಾರಿದೆ’ ಎಂದು ಬರೆದುಕೊಟ್ಟ ಕೂಡಲೇ ಬ್ಯಾಂಕು ಸಾಮಾನ್ಯವಾಗಿ ಅವರೊಬ್ಬರ ಕೈ ಮಾತ್ರ ಕಟ್ಟುವುದಿಲ್ಲ, ಇಬ್ಬರದೂ ಕಟ್ಟುತ್ತದೆ. ಆಮೇಲೆ ಇಬ್ಬರ ಸಹಿ ಇಲ್ಲದೆ ಒಂದು ರೂಪಾಯಿಯೂ ಹೊರಬರದು, ಆದರೆ ಒಳಗೆ ಬರುವ ಹಣ ಬರುತ್ತಲೇ ಇರುತ್ತದೆ. ನನ್ನಲ್ಲಿಗೆ ಬಂದ ಒಬ್ಬಾಕೆಯ ಎರಡು ತಿಂಗಳ ಸಂಬಳ ಹೀಗೆ ಸಿಕ್ಕಿಕೊಂಡಿತು. ಬಾಡಿಗೆಗೆ ಓಲೆ ಅಡವಿಟ್ಟರು. ಬ್ಯಾಂಕು ನಿಯಮದಂತೆಯೇ ನಡೆದಿತ್ತು, ಇವರ ಕ್ರಮ ತಲೆಕೆಳಗಾಗಿತ್ತು.

ಕ್ರಮ ಶುರುವಾಗುವುದು ಖಾತೆಯಿಂದಲ್ಲ, ಸಿಮ್‌ನಿಂದ. ನಿಮ್ಮ ಮೊಬೈಲ್ ನಂಬರ್ ಯಾರ ಹೆಸರಿನಲ್ಲಿದೆ? ಎಷ್ಟೋ ಮನೆಗಳಲ್ಲಿ ಹೆಂಡತಿಯ ಸಿಮ್ ಗಂಡನ ಆಧಾರ್ ಕೊಟ್ಟು ತೆಗೆದದ್ದು. ಅವರು ಅಂಗಡಿಗೆ ಹೋಗಿ ಡೂಪ್ಲಿಕೇಟ್ ಸಿಮ್ ಪಡೆದರೆ ನಿಮ್ಮ ಹೊಸ ಖಾತೆಯ ಓಟಿಪಿಯೂ ಅವರ ಕೈಗೇ. ಹಾಗಾಗಿ ನಿಮ್ಮ ಹೆಸರಿನಲ್ಲಿ ಹೊಸ ನಂಬರ್ ತೆಗೆದುಕೊಂಡು ಆಧಾರ್ ಕೇಂದ್ರದಲ್ಲಿ ಅದನ್ನೇ ಜೋಡಿಸಿ. ಇಮೇಲ್ ಪಾಸ್‌ವರ್ಡ್ ಬದಲಿಸಿ. ಅದಾದ ಮೇಲೆ ಜಂಟಿ ಖಾತೆ ಇಲ್ಲದ ಬೇರೆ ಬ್ಯಾಂಕಿನಲ್ಲಿ ನಿಮ್ಮೊಬ್ಬರ ಹೆಸರಿನ ಉಳಿತಾಯ ಖಾತೆ ತೆರೆಯಿರಿ. ಅದೇ ಬ್ಯಾಂಕಾದರೆ ಹಳೇ ನಂಬರ್, ಹಳೇ ವಿಳಾಸ ತಾನಾಗಿ ಅಂಟಿಕೊಳ್ಳುವ ಅಪಾಯವಿದೆ. ಆಧಾರಿನಲ್ಲಿ ಗಂಡನ ಮನೆಯ ವಿಳಾಸವಿದ್ದರೆ ಗಾಬರಿ ಬೇಡ. ಆಧಾರ್ ಇ-ಕೆವೈಸಿ ಮಾಡುವಾಗ ಈಗಿನ ವಿಳಾಸವನ್ನು ಸ್ವಯಂ ಘೋಷಣೆಯಲ್ಲಿ ಬರೆದುಕೊಡಬಹುದು. ಅದನ್ನು ಕೇಳಿ ಮಾಡಿಸಿ, ಇಲ್ಲದಿದ್ದರೆ ಡೆಬಿಟ್ ಕಾರ್ಡು ಅಂಚೆಯಲ್ಲಿ ಅವರ ಮನೆಗೆ ಹೋಗುತ್ತದೆ. ನಾಮಿನಿ ಜಾಗದಲ್ಲಿ ಅಭ್ಯಾಸಬಲದಿಂದ ಗಂಡನ ಹೆಸರು ಬರೆದವರನ್ನೂ ಕಂಡಿದ್ದೇನೆ! ಹಳೇ ಎಫ್‌ಡಿ, ವಿಮೆಗಳ ನಾಮಿನಿಯನ್ನೂ ಬದಲಿಸಿ. ಬ್ಯಾಂಕಿನ ದಾಖಲೆಯಲ್ಲಿ ಡೈವೋರ್ಸ್ ಆದೊಡನೆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ.

ನಂತರ ಎಚ್‌ಆರ್‌ಗೆ ಹೊಸ ಖಾತೆಯ ವಿವರ ಕೊಟ್ಟು, ಒಂದು ತಿಂಗಳ ಸಂಬಳ ಅಲ್ಲಿಗೆ ಬಿದ್ದದ್ದನ್ನು ಕಣ್ಣಾರೆ ನೋಡಿ. ಅಷ್ಟರಲ್ಲಿ ಜಂಟಿ ಖಾತೆಯ ಮೂರು ವರ್ಷದ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ. ಅದರಿಂದ ಹೋಗುವ ಕಂತು, ವಿಮೆ, ಶಾಲೆ ಫೀಸಿನ ಕಟಾವುಗಳನ್ನು ಪಟ್ಟಿ ಮಾಡಿ. ನಿಮ್ಮ ಸಂಬಳದ್ದೆಂದು ಸ್ಟೇಟ್‌ಮೆಂಟಿನಲ್ಲೇ ತೋರಿಸಬಹುದಾದಷ್ಟನ್ನು, ವಕೀಲರಿಗೆ ಹೇಳಿ, ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ. ನಗದಾಗಿ ತೆಗೆಯಬೇಡಿ. ಪೂರ್ತಿ ಗುಡಿಸಿಹಾಕಲೂಬೇಡಿ, ನಾಳೆ ನ್ಯಾಯಾಧೀಶರ ಮುಂದೆ ಅದಕ್ಕೆ ಉತ್ತರ ಹೇಳಬೇಕಾದವರು ನೀವೇ. ಇಷ್ಟೆಲ್ಲ ಆದ ಮೇಲೆ ಬ್ಯಾಂಕಿಗೆ ಪತ್ರ, ಸ್ವೀಕೃತಿ ಸೀಲಿನೊಂದಿಗೆ.

ಇನ್ನು ಬಜೆಟ್. ಜೀವನಾಂಶದ ಅಂಕಣದಲ್ಲಿ ಸೊನ್ನೆ ಬರೆಯಿರಿ. ಅರ್ಜಿ ಹಾಕುವುದು ಬೇರೆ, ಆದೇಶ ಬೇರೆ, ಆದೇಶವಾದ ದುಡ್ಡು ಕೈಗೆ ಬರುವುದು ಮತ್ತೂ ಬೇರೆ. ಬಂದ ದಿನ ಮಗಳ ಹೆಸರಿನ ಖಾತೆಗೆ ಹಾಕಿ, ಮನೆ ಮಾತ್ರ ನಿಮ್ಮ 42,000ದಲ್ಲೇ ನಡೆಯಲಿ. ನೀವು ವಿವರ ಬರೆದಿಲ್ಲ, ಆದ್ದರಿಂದ ನಾನೇ ಒಂದು ಅಂದಾಜು ಹಾಕುತ್ತೇನೆ. ಬಾಡಿಗೆ 10,000. ದಿನಸಿ, ಹಾಲು, ಗ್ಯಾಸು, ತರಕಾರಿಗೆ 8,000. ಶಾಲೆ ಫೀಸು ವರ್ಷಕ್ಕೆ 48,000 ಆದರೆ ತಿಂಗಳಿಗೆ 4,000, ವ್ಯಾನಿಗೆ 1,500. ಕರೆಂಟು, ನೀರು, ಮೊಬೈಲಿಗೆ 1,500, ನಿಮ್ಮ ಓಡಾಟಕ್ಕೆ 2,000. ಬಟ್ಟೆ, ಹಬ್ಬಕ್ಕೆ 2,000. ವಕೀಲರ ಫೀಸು, ಕೋರ್ಟಿನ ಓಡಾಟಕ್ಕೆ 3,000. ಇದನ್ನು ಯಾರೂ ಬರೆಯುವುದೇ ಇಲ್ಲ, ಆಮೇಲೆ ಸಾಲ ಮಾಡುತ್ತಾರೆ. ಕೊನೆಯದು ಆರೋಗ್ಯ ವಿಮೆ, ವರ್ಷಕ್ಕೆ 18,000 ಎಂದರೆ ತಿಂಗಳಿಗೆ 1,500. ಈಗ ನೀವು ಗಂಡನ ಕಂಪನಿಯ ವಿಮೆಯಲ್ಲಿದ್ದರೆ ಡೈವೋರ್ಸ್ ಆದ ಮೇಲೆ ಅದು ನಿಮಗಿಲ್ಲ. ಹೊಸ ಪಾಲಿಸಿಗೆ ಕಾಯುವ ಅವಧಿ ಇರುವುದರಿಂದ ಈಗಲೇ ಮಾಡಿಸಿ.

ಕೂಡಿದರೆ 33,500. ಉಳಿಯುವುದು 8,500. ನಡೆಯುತ್ತದೆ, ಬಿಗಿಯಾಗಿ. ಮನೆಯ ಅಡ್ವಾನ್ಸು ಇದರಿಂದ ಹುಟ್ಟದು, ಜಂಟಿ ಖಾತೆಯಿಂದ ತಂದ ಹಣ ಅದಕ್ಕಿರಲಿ. ಫೀಸು, ವಿಮೆಗಳ 5,500ನ್ನು ಪ್ರತಿ ತಿಂಗಳು ಎರಡನೇ ಖಾತೆಗೆ ತಳ್ಳಿ, ಇಲ್ಲವಾದರೆ ಫೀಸಿನ ತಿಂಗಳು ಬಂದಾಗ ಈ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಉಳಿದ 8,500 ಪೂರ್ತಿ ಆರ್‌ಡಿಗೆ. ಆರು ತಿಂಗಳ ಖರ್ಚು, ಅಂದರೆ ಸುಮಾರು 2 ಲಕ್ಷ ಕೂಡಲು ಎರಡು ವರ್ಷ ಬೇಕು. ಅಲ್ಲಿಯವರೆಗೆ ಷೇರು, ಚೀಟಿ, ಸೈಟಿನ ಕಂತು ಯಾವುದನ್ನೂ ನನ್ನ ಹತ್ತಿರ ಕೇಳಬೇಡಿ.

ಈ ಲೆಕ್ಕ ಬರೀ ಅಡುಗೆಮನೆಯ ಡೈರಿಗಲ್ಲ. 2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆದಾಯ, ಖರ್ಚು, ಆಸ್ತಿ, ಸಾಲವನ್ನು ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ‘ತಿಂಗಳಿಗೆ 60,000 ಖರ್ಚು’ ಎಂದು ಯಾರೋ ಹೇಳಿಕೊಟ್ಟಂತೆ ಬರೆದು, ಸ್ಟೇಟ್‌ಮೆಂಟು 33,000 ತೋರಿಸಿದರೆ ಎದುರು ವಕೀಲರಿಗೆ ಹಬ್ಬ. ಆದ್ದರಿಂದ ಮೂರು ತಿಂಗಳ ಖರ್ಚನ್ನು ಯುಪಿಐನಲ್ಲೇ ಮಾಡಿ, ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ: ಮನೆ ಸಾಲ ಇಬ್ಬರ ಹೆಸರಲ್ಲಿದೆ. ಕಂತು ಅವರೇ ಕಟ್ಟಬೇಕೆಂದು ಡೈವೋರ್ಸ್ ತೀರ್ಪಿನಲ್ಲಿದೆ. ನಾನು ಪಾರು ತಾನೆ?

ಉತ್ತರ: ಇಲ್ಲ. ತೀರ್ಪು ನಿಮ್ಮಿಬ್ಬರ ನಡುವಿನದು, ಬ್ಯಾಂಕು ಅದರಲ್ಲಿ ಇಲ್ಲ. ಅವರು ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ, ವಸೂಲಿಗೆ ನಿಮಗೂ ಫೋನ್ ಬರುತ್ತದೆ. ಅವರೊಬ್ಬರ ಆದಾಯದ ಮೇಲೆ ಸಾಲವನ್ನು ಹೊಸದಾಗಿ ಮಾಡಿಸಿ, ನಿಮ್ಮ ಹೆಸರು ತೆಗೆದ ಬ್ಯಾಂಕಿನ ಪತ್ರ ಕೈಗೆ ಬರುವ ತನಕ ಮನೆಯ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ.

ಪ್ರಶ್ನೆ: ಡೈವೋರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಎಂದು ವಿಡಿಯೋದಲ್ಲಿ ನೋಡಿದೆ.

ಉತ್ತರ: ನಮ್ಮಲ್ಲಿ ಅಂಥ ಕಾನೂನಿಲ್ಲ. ವಿಡಿಯೋ ಮಾಡಿದವನಿಗೆ ಫೀಸು ಕೊಟ್ಟಿಲ್ಲ ತಾನೆ?

ಪ್ರಶ್ನೆ: ಒಂದೇ ಗಂಟಿನಲ್ಲಿ 12 ಲಕ್ಷ ಜೀವನಾಂಶ ಬಂತು. ಪರಿಚಯದ ಏಜೆಂಟರು ಷೇರಿಗೆ ಜೋಡಿಸಿದ ವಿಮೆಯಲ್ಲಿ ಹಾಕಿ ಎನ್ನುತ್ತಾರೆ.

ಉತ್ತರ: ಐದು ವರ್ಷ ಹಣ ಕೈಗೆ ಸಿಗದಂತೆ ಬೀಗ ಹಾಕುವ ಯೋಜನೆ ಅದು, ಕಮಿಷನ್ ಮಾತ್ರ ಅವರಿಗೆ ಮೊದಲೇ. ಹಣವನ್ನು ಬೇರೆ ಬೇರೆ ಎಫ್‌ಡಿಗಳಾಗಿ ಒಡೆದಿಟ್ಟು ಒಂದು ವರ್ಷ ಸುಮ್ಮನಿರಿ. ಏಜೆಂಟರ ಫೋನು ಎತ್ತಬೇಡಿ.